ಬೆಕ್ಕಿನ ಮುಖದ ಮೇಲೆ ಐದು ಸಾಲು

ಹೋದ ವರ್ಷ ನಮ್ಮ ಸಂಘದಿಂದ ನಾವು ನಾಲ್ಕು ಜನ ಸೇರಿ, ಮುಕ್ತ ಪರವಾನಗಿಯ ಒಂದು ಇಂಗ್ಲಿಷ್ ಚಿತ್ರಪುಸ್ತಕವನ್ನ ಕನ್ನಡಕ್ಕೆ ತಂದ್ವಿ. ಹದಿನಾರು ಪುಟ. ಅನುವಾದ ಮಾಡಿ, ಇಂಗ್ಲಿಷ್ ಇದ್ದ ಜಾಗದಲ್ಲೇ ಕನ್ನಡ ಕೂರಿಸಿ, ಕಲರ್ ಪ್ರಿಂಟ್ ಹಾಕಿಸಿ, ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಯ ಎರಡನೇ ತರಗತಿಗೆ ತಗೊಂಡು ಹೋದ್ವಿ. ಏಳನೇ ಪುಟ ತೆಗೆದಾಗ ಮುಂದಿನ ಸಾಲಲ್ಲಿದ್ದ ಹುಡುಗ ಕೂಗಿದ: "ಅಣ್ಣಾ, ಮಾಡಿನ ಮೇಲೆ ಹಾವಿದೆ!"

ಹಾವಲ್ಲ, ಬೆಕ್ಕಿನ ಬಾಲ. ಬೆಕ್ಕಿನ ಮುಖ, ಕಿವಿ, ಮೈ ಎಲ್ಲದರ ಮೇಲೂ ನಮ್ಮ ಕನ್ನಡ ಕೂತಿತ್ತು. ಬಾಲ ಒಂದೇ ಹೊರಗೆ ಉಳಿದಿತ್ತು.

ಆ ಪುಟದ ತಮಾಷೆ ಇರೋದೇ ಬೆಕ್ಕಿನಲ್ಲಿ. ಚಿನ್ನಿ ಅನ್ನೋ ಹುಡುಗಿ ಜಗಲಿ ಕೆಳಗೆ ಬಗ್ಗಿ ಹುಡುಕ್ತಾ ಇದಾಳೆ. ಅವಳ ಬೆಕ್ಕು ಮಿಂಚು ಮೇಲೆ ಹೆಂಚಿನ ಮೇಲೆ ಕೂತು ಅವಳನ್ನೇ ನೋಡ್ತಾ ಇದೆ. ಚಿನ್ನಿಗೆ ಕಾಣದ್ದು ಓದೋ ಮಗುವಿಗೆ ಕಾಣಬೇಕು. ನಾವು ಅದನ್ನೇ ಮುಚ್ಚಿಬಿಟ್ಟಿದ್ವಿ.

ಇಂಥದ್ದು ಆದಾಗ ನಾವೆಲ್ಲ ಅದನ್ನ ಡಿಸೈನ್ ತಪ್ಪು ಅಂತೀವಿ. ಪಠ್ಯದ ಡಬ್ಬಿಯನ್ನ ಆಚೆ ಈಚೆ ಸರಿಸಿದ್ರೆ ಸರಿಹೋಗುತ್ತೆ ಅಂದ್ಕೋತೀವಿ. ನನ್ನ ಅಭಿಪ್ರಾಯ ಬೇರೆ. ಚಿತ್ರ ಮುಗಿದ ಮೇಲೆ ಕನ್ನಡವನ್ನ ಕರೆದು, ಬೇರೆ ಭಾಷೆ ಬಿಟ್ಟ ಜಾಗದಲ್ಲಿ ಕೂರು ಅಂದ್ರೆ ಅದು ಯಾರದಾದ್ರೂ ಮುಖದ ಮೇಲೆ ಕೂರಲೇಬೇಕು. ಆಗ ಮೊದಲು ಮುಟ್ಟಬೇಕಾದ್ದು ವಾಕ್ಯವನ್ನ. ಅಕ್ಷರದ ಗಾತ್ರವನ್ನೂ ಅಲ್ಲ, ಚಿತ್ರವನ್ನೂ ಅಲ್ಲ.

ಲೆಕ್ಕ ನೋಡಿ. ಪುಟ 8 ಇಂಚಿನ ಚೌಕ. ಎಡಗಡೆ ಪೂರ್ತಿ ತೆಂಗಿನ ಮರ, ಬಲಗಡೆ ಮನೆ. ಮಾಡಿನ ಮೇಲೆ ಖಾಲಿ ಆಕಾಶ ಇದ್ದದ್ದು 3 ಇಂಚು ಅಗಲ, ಒಂದೂಕಾಲು ಇಂಚು ಎತ್ತರ, ಅಂದ್ರೆ 90 ಪಾಯಿಂಟ್. ಇಂಗ್ಲಿಷ್ ಅಲ್ಲಿ 18 ಪಾಯಿಂಟ್ ಅಕ್ಷರದಲ್ಲಿ, 24 ಪಾಯಿಂಟ್ ಸಾಲಿನ ಅಂತರದಲ್ಲಿ, ಮೂರು ಸಾಲು ಇತ್ತು. ಒಟ್ಟು 72 ಪಾಯಿಂಟ್, ಸರಿಯಾಗಿ ಒಂದು ಇಂಚು. ಆರಾಮಾಗಿ ಹಿಡಿಸಿತ್ತು.

ಕನ್ನಡಕ್ಕೆ 24 ಪಾಯಿಂಟ್ ಅಂತರ ಸಾಲಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ, ಗುಡಿಸು ತಲೆಯ ಮೇಲೆ ಏರುತ್ತೆ. ಮೇಲಿನ ಸಾಲಲ್ಲಿ 'ರಾಷ್ಟ್ರ' ಇದ್ದು, ಅದರ ಕೆಳಗೇ 'ಕಿವಿ' ಬಂದ್ರೆ ಎರಡೂ ಒಂದಕ್ಕೊಂದು ತಾಗುತ್ತವೆ. ಈಗಷ್ಟೇ ಓದೋಕೆ ಕಲಿತ ಮಗುವಿಗೆ ಯಾವ ಒತ್ತು ಯಾವ ಅಕ್ಷರದ್ದು ಅಂತ ಗೊತ್ತಾಗಲ್ಲ. ನಾವು ಬಳಸಿದ ಫಾಂಟಿಗೆ 18ಕ್ಕೆ 30 ಪಾಯಿಂಟ್ ಅಂತರ ಬೇಕಾಯ್ತು. ಅದರ ಮೇಲೆ ನಮ್ಮ ಅನುವಾದ ಹೀಗಿತ್ತು: "ಚಿನ್ನಿ ಜಗಲಿಯ ಕೆಳಗೆಲ್ಲ ಹುಡುಕುತ್ತಿದ್ದಳು. ಅವಳ ಪುಟ್ಟ ಕಂದು ಬೆಕ್ಕು ಮಿಂಚು ಮಾತ್ರ ಹೆಂಚಿನ ಮಾಡಿನ ಮೇಲೆ ಹತ್ತಿ ಕುಳಿತುಕೊಂಡು ಅವಳನ್ನೇ ನೋಡುತ್ತಿತ್ತು." ಐದು ಸಾಲು, 150 ಪಾಯಿಂಟ್. ಇದ್ದ ಜಾಗ 90. ಉಳಿದ 60 ಪಾಯಿಂಟ್ ಇಳಿದದ್ದು ಬೆಕ್ಕಿನ ಮೇಲೆ.

ಶಾಲೆಯಿಂದ ಬಂದ ಮೇಲೆ ಮೂರು ಉಪಾಯ ಮಾಡಿ ನೋಡಿದ್ವಿ.

ಮೊದಲು ಅಕ್ಷರ ಚಿಕ್ಕದು ಮಾಡಿದ್ವಿ. 13 ಪಾಯಿಂಟಿಗೆ ಇಳಿಸಿದಾಗ ನಾಲ್ಕೇ ಸಾಲಾಗಿ ಜಾಗದಲ್ಲಿ ಹಿಡಿಸಿತು. ಸ್ಕ್ರೀನಲ್ಲಿ ಜೂಮ್ ಮಾಡಿ ನೋಡಿ ಖುಷಿಪಟ್ವಿ. ಪ್ರಿಂಟ್ ತೆಗೆದಾಗ ಒತ್ತುಗಳು ಮಸಿಯ ಚುಕ್ಕೆ ಆಗಿದ್ವು. ಪುಸ್ತಕ ಎತ್ತಿ ಹಿಡಿದು ಓದಿ ಹೇಳುವಾಗ ಮುಂದಿನ ಸಾಲಿನ ಮಕ್ಕಳಿಗೂ ಅದು ಕಾಣಲ್ಲ.

ಎರಡನೇದು, ಪಠ್ಯದ ಹಿಂದೆ ಅರೆಪಾರದರ್ಶಕ ಬಿಳಿ ಡಬ್ಬಿ. ಬಹಳ ಜನ ಇದೇ ಮಾಡ್ತಾರೆ. ಆದ್ರೆ ಅದು ಬೆಕ್ಕನ್ನ ತೋರಿಸಲೂ ಇಲ್ಲ, ಮರೆಸಲೂ ಇಲ್ಲ. ಮಂಜಿನೊಳಗೆ ಕೂತ ಹಾಗೆ ಮಾಡಿತು. ಬೆಕ್ಕಿನ ಮೈಮೇಲಿನ ಪಟ್ಟೆಗಳು ಅಕ್ಷರದ ಗೆರೆಗಳ ಜೊತೆ ಸೇರಿಕೊಂಡವು. ಚಿತ್ರವೂ ಹೋಯ್ತು, ಓದೂ ಹೋಯ್ತು.

ಮೂರನೇದು, ಪಠ್ಯವನ್ನ ಮಾಡಿನ ಕೆಳಗೆ ಬಿಳಿ ಗೋಡೆಯ ಮೇಲೆ ಇಳಿಸಿದ್ವಿ. ಇದು ನಿಜಕ್ಕೂ ಮೋಸದ ಜಾಗ. ಗೋಡೆ ಖಾಲಿ ಇತ್ತು, ಯಾರ ಮುಖವೂ ಮುಚ್ಚಲಿಲ್ಲ. ಆದರೂ ಪುಟ ಸತ್ತುಹೋಯ್ತು. ಯಾಕೆ ಅಂತ ತಿಳಿಯೋಕೆ ನಮಗೆ ಸ್ವಲ್ಪ ಹೊತ್ತು ಬೇಕಾಯ್ತು. ಬೆಕ್ಕು ಮೇಲಿಂದ ನೋಡೋದು, ಚಿನ್ನಿ ಕೆಳಗಿರೋದು. ಬೆಕ್ಕಿನ ಕಣ್ಣಿಂದ ಚಿನ್ನಿಯವರೆಗೆ ಕಾಣದ ಒಂದು ಗೆರೆ ಇದೆ. ಆ ಗೋಡೆ ಸರಿಯಾಗಿ ಆ ಗೆರೆಯ ನಡುವೆ ಇತ್ತು. ಚಿತ್ರದಲ್ಲಿ ಒಬ್ಬರು ಏನನ್ನೋ ನೋಡ್ತಾ ಇದ್ರೆ, ಬೆರಳು ತೋರಿಸ್ತಾ ಇದ್ರೆ, ಮಗುವಿನ ಕಣ್ಣು ಆ ಗೆರೆ ಹಿಡಿದೇ ಹೋಗುತ್ತೆ. ದಾರಿ ಮಧ್ಯೆ ಐದು ಸಾಲು ಪಠ್ಯ ನಿಲ್ಲಿಸಿದ್ರೆ ಅದು ಅಲ್ಲೇ ನಿಲ್ಲುತ್ತೆ. ಹಾಗಾಗಿ ಮುಖ, ಕೈ, ಮತ್ತು ಕಥೆಗೆ ಬೇಕಾದ ವಸ್ತುವನ್ನ ಬಿಟ್ರೆ ಸಾಕಾಗಲ್ಲ. ನೋಟದ ದಾರಿಯನ್ನೂ ಬಿಡಬೇಕು.

ಕೊನೆಗೆ ವಾಕ್ಯಕ್ಕೆ ಕೈ ಹಾಕಿದ್ವಿ. ಒಂದೊಂದೇ ಪದ ತಗೊಂಡು ಕೇಳಿಕೊಂಡ್ವಿ: ಇದನ್ನ ಚಿತ್ರ ಆಗಲೇ ಹೇಳಿದೆಯಾ? ಪುಟ್ಟ, ಹೌದು. ಕಂದು, ಹೌದು. ಹೆಂಚಿನ ಮಾಡಿನ ಮೇಲೆ, ಹೌದು. ಅವಳನ್ನೇ ನೋಡುತ್ತಿತ್ತು, ಅದೂ ಹೌದು. ಬಾಯಿಬಿಟ್ಟು ಹೇಳಿ ಗುಟ್ಟು ರಟ್ಟು ಮಾಡ್ತಾ ಇದ್ದದ್ದೇ ನಮ್ಮ ಪಠ್ಯ. ಉಳಿದದ್ದು ಇಷ್ಟು: "ಜಗಲಿ ಕೆಳಗೂ ಇಲ್ಲ. ಮಿಂಚು ಎಲ್ಲಿ ಹೋಯ್ತು?" ಎರಡು ಸಾಲು, 60 ಪಾಯಿಂಟ್. ಆಕಾಶದಲ್ಲಿ ಇನ್ನೂ ಜಾಗ ಉಳೀತು. ಮುಂದಿನ ಸಲ ಓದಿದಾಗ ತರಗತಿಗೆ ತರಗತಿಯೇ ಮಾಡಿನ ಕಡೆ ಬೆರಳು ಮಾಡಿ ಕಿರುಚಿತು.

ಮೂಲ ಲೇಖಕರ ಮಾತನ್ನ ಕತ್ತರಿಸೋಕೆ ನೀವ್ಯಾರು ಅಂತ ನಮ್ಮ ಸಂಘದಲ್ಲೇ ಒಬ್ಬರು ಕೇಳಿದ್ರು. ನ್ಯಾಯವಾದ ಪ್ರಶ್ನೆ. ಬದಲಾವಣೆಗೆ ಅವಕಾಶ ಇರೋ ಪರವಾನಗಿ ಆದ್ರೆ ಮಾತ್ರ ಕತ್ತರಿಸಬಹುದು, ಬದಲಾಯಿಸಿದ್ದೀವಿ ಅಂತ ಪುಸ್ತಕದಲ್ಲೇ ಬರೀಬೇಕು. ಇಲ್ಲದಿದ್ರೆ ಅನುಮತಿ ಕೇಳಬೇಕು. ಆದ್ರೆ ಚಿತ್ರಪುಸ್ತಕಕ್ಕೆ ಇಬ್ಬರು ಕರ್ತೃಗಳು. ಲೇಖಕರ ಪ್ರತಿ ಪದ ಉಳಿಸೋಕೆ ಹೋಗಿ ಚಿತ್ರಕಾರರ ಬೆಕ್ಕಿನ ತಲೆ ಮುಚ್ಚೋದು ಯಾವ ನಿಷ್ಠೆ? ಪದ್ಯದ ಪುಸ್ತಕ ಆದ್ರೆ ಈ ದಾರಿ ನಡೆಯಲ್ಲ, ಅದನ್ನೂ ಒಪ್ಕೋತೀನಿ. ಅಲ್ಲಿ ಚಿತ್ರವನ್ನ ಸ್ವಲ್ಪ ಕುಗ್ಗಿಸಿ, ಕೆಳಗೆ ಪಠ್ಯಕ್ಕೇ ಒಂದು ಖಾಲಿ ಪಟ್ಟಿ ಬಿಡೋದೇ ಮೇಲು.

ಈ ವರ್ಷ ನಾವೇ ಒಂದು ಕಥೆ ಬರೆದು ಚಿತ್ರ ಮಾಡಿಸ್ತಾ ಇದೀವಿ. ಈ ಸಲ ಕ್ರಮ ತಿರುಗುಮುರುಗು. ಪೆನ್ಸಿಲ್ ಸ್ಕೆಚ್ ಹಂತದಲ್ಲೇ, ಮುಗಿದ ಕನ್ನಡ ವಾಕ್ಯವನ್ನ 18ಕ್ಕೆ 30ರ ಲೆಕ್ಕದಲ್ಲಿ ಪ್ರಿಂಟ್ ಮಾಡಿ, ಕತ್ತರಿಸಿ, ಸ್ಕೆಚ್ ಮೇಲೆ ಇಟ್ಟು ಚಿತ್ರಕಾರರಿಗೆ ಕೊಡ್ತಾ ಇದೀವಿ. ಆ ಜಾಗದಲ್ಲಿ ತಿಳಿ ಬಣ್ಣ ಮಾತ್ರ ಬರಲಿ ಅಂತಾನೂ ಕೇಳಿದೀವಿ. ಅಕ್ಷರ ಬರೀ ಕಪ್ಪಿನಲ್ಲಿದ್ರೆ, ನಾಳೆ ತುಳುವಿಗೋ ಕೊಂಕಣಿಗೋ ಆಫ್‌ಸೆಟ್‌ನಲ್ಲಿ ಮುದ್ರಿಸುವಾಗ ಕಪ್ಪು ಪ್ಲೇಟ್ ಒಂದನ್ನ ಬದಲಾಯಿಸಿದ್ರೆ ಸಾಕು.

ಪರೀಕ್ಷೆ ಒಂದೇ. ಪುಟವನ್ನ ನಿಜವಾದ ಗಾತ್ರದಲ್ಲಿ ಪ್ರಿಂಟ್ ತೆಗೆದು, ಕಥೆ ಗೊತ್ತಿಲ್ಲದ ಒಂದು ಮಗುವಿನ ಎದುರು ಎತ್ತಿ ಹಿಡಿಯಿರಿ. ಹಿಡಿದ ಹೆಬ್ಬೆರಳು ಏನು ಮುಚ್ಚುತ್ತೆ ಅಂತಾನೂ ನೋಡ್ಕೊಳ್ಳಿ. ಓದಬೇಡಿ, "ಏನು ಕಾಣ್ತಿದೆ?" ಅಂತ ಮಾತ್ರ ಕೇಳಿ. ಮಗು ಹಾವು ಅಂದ್ರೆ, ನಿಮ್ಮ ಐದು ಸಾಲನ್ನ ಇನ್ನೊಮ್ಮೆ ಓದಿ ನೋಡಿ.