ಹೆತ್ತವರಿಗೆ ಶೂ ಕೊಡಿಸುವವರಲ್ಲಿ ಒಂದು ಮನವಿ

ಮಂಡಿನೋವಿನ ಅಪ್ಪನಿಗೋ ಪಾದ ಚಪ್ಪಟೆಯಾದ ಅಮ್ಮನಿಗೋ ವಾಕಿಂಗ್ ಶೂ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ, ಒಳಗೆ ಬೆರಳಿಟ್ಟು ಒತ್ತಿ ನೋಡುವುದು. ಮೆತ್ತಗಿದ್ದರೆ ಸಾಕು, ನಂಬರ್ ಹೇಳಿ ಕಟ್ಟಿಸಿಬಿಡುತ್ತಾರೆ. ದಯವಿಟ್ಟು ಈ ಕ್ರಮವನ್ನು ತಿರುಗಿಸಿ: ಅಗಲ ಮೊದಲು, ಮೆತ್ತೆ ಕೊನೆಗೆ. ವಯಸ್ಸಾದಂತೆ ಪಾದದ ಕಟ್ಟುಗಳು ಸಡಿಲಾಗಿ ಕಮಾನು ಇಳಿಯುತ್ತದೆ, ಮುಂಗಾಲು ಹರಡಿಕೊಳ್ಳುತ್ತದೆ. ಸಂಧಿವಾತವಿದ್ದವರಲ್ಲಿ ಹೆಬ್ಬೆರಳಿನ ಬುಡದ ಗೆಣ್ಣು ಹೊರಕ್ಕೆ ಉಬ್ಬುವುದೂ ಉಂಟು. ಅದರ ಮೇಲೆ, ನಾವು ಬಳಸುತ್ತಿರುವ ನಂಬರುಗಳು ಬ್ರಿಟಿಷ್ ಅಳತೆಯವು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಸಿದಾಗ, ನಮ್ಮವರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂದು ಕಂಡುಬಂತು. ಪಾದಕ್ಕಿಂತ ಇಕ್ಕಟ್ಟಾದ ಶೂ ಹಾಕುವ ಹಿರಿಯರಲ್ಲಿ ಆಣಿ, ಹೆಬ್ಬೆರಳ ಗಂಟು, ಪಾದನೋವು ಹೆಚ್ಚು ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರೂ ದಾಖಲಿಸಿದ್ದಾರೆ.

‘ಒಂದು ನಂಬರ್ ದೊಡ್ಡದು ತಗೊಂಡರೆ ಆಯ್ತಲ್ಲ’ ಎನ್ನುವುದು ಅಂಗಡಿಯವರ ಸಿದ್ಧ ಉತ್ತರ. ಲೆಕ್ಕ ಹಾಕಿ ನೋಡೋಣ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಏರಿದರೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. ಅಡಿಯ ಅಗಲ ಹೆಚ್ಚುವುದು ಎರಡು ಮಿಲಿಮೀಟರ್ ಆಸುಪಾಸು ಮಾತ್ರ. ಪಾದ 10.2 ಸೆಂಟಿಮೀಟರ್ ಅಗಲ, ಶೂ ಒಳಗಿನ ಅಟ್ಟೆ 9.6 ಎಂದಿಟ್ಟುಕೊಳ್ಳಿ. ಆ ಆರು ಮಿಲಿಮೀಟರ್ ಸಿಗಬೇಕಾದರೆ ಮೂರು ನಂಬರ್ ಏರಬೇಕು, ಆಗ ಮುಂದೆ ಎರಡೂವರೆ ಸೆಂಟಿಮೀಟರ್ ಬೇಡದ ಉದ್ದ ಉಳಿಯುತ್ತದೆ. ಹಿಮ್ಮಡಿ ಜಾರುತ್ತದೆ, ಬೆರಳುಗಳ ಬುಡದಲ್ಲಿ ಬಾಗಬೇಕಾದ ಶೂ ಅದಕ್ಕಿಂತ ಮುಂದೆ ಬಾಗುತ್ತದೆ, ತುದಿ ಹೊಸ್ತಿಲಿಗೆ ತಗಲುತ್ತದೆ. ಬೇಕಾದದ್ದು ಅದೇ ನಂಬರಿನ ಅಗಲದ ಜೋಡಿ. ಡಬ್ಬಿಯ ಮೇಲೆ ‘ವೈಡ್’ ಎಂದೋ 2ಇ, 4ಇ ಎಂದೋ ಇರುತ್ತದೆ. ಹುಡುಕಬೇಕು, ಕೆಲವು ಅಂಗಡಿಗಳಲ್ಲಿ ಸಿಗುವುದಿಲ್ಲ, ನಿಜ. ಕೇಳುವವರಿಲ್ಲದೆ ತರಿಸುವವರೂ ಇಲ್ಲ.

ಪಾದ ಊದಿರುವ ಸಂಜೆ ಹೊತ್ತಿನಲ್ಲಿ ಅವರನ್ನು ಹಾಳೆಯ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆಯಿರಿ. ಕೂತು ಎಳೆದ ಗೆರೆ ಸುಳ್ಳು ಹೇಳುತ್ತದೆ, ಭಾರ ಬಿದ್ದಾಗಲೇ ಪಾದ ಹರಡುವುದು. ಅಂಗಡಿಯಲ್ಲಿ ಒಳ ಅಟ್ಟೆ ತೆಗೆದು ಆ ಚಿತ್ರದ ಮೇಲಿಡಿ. ಪಾದದ ಗೆರೆ ಅಟ್ಟೆಯಿಂದ ಒಂದೆರಡು ಮಿಲಿಮೀಟರ್ ಹೊರಗುಳಿದರೆ, ಮೇಲಿನ ಬಟ್ಟೆ ಹಿಗ್ಗುವಂಥದ್ದಾದರೆ ನಡೆಯುತ್ತದೆ. ಅರ್ಧ ಸೆಂಟಿಮೀಟರ್ ಆದರೆ ಬೇಡ. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಲಿ. ಬೆರಳುಗಳು ಕೊಕ್ಕೆಯಂತೆ ಮಡಿಚಿಕೊಂಡಿದ್ದರೆ ಮುಂಭಾಗ ಎತ್ತರವೂ ಇರಬೇಕು.

ಮೆತ್ತೆಯ ವಿಷಯದಲ್ಲಿ ಆಕ್ಷೇಪ ಬರುವುದು ಸಹಜ: ನೋಯುವ ಕೀಲಿಗೆ ಮೆತ್ತನೆಯದೇ ಹಿತವಲ್ಲವೇ? ಹಿತ ಹೌದು, ಒಂದು ಮಿತಿಯವರೆಗೆ. ತೀರಾ ದಪ್ಪನೆಯ ಸ್ಪಂಜಿನ ಮೇಲೆ ಪಾದಕ್ಕೆ ನೆಲದ ಸುಳಿವು ಸಿಗದೆ ಸಮತೋಲ ಕೆಡುತ್ತದೆ, ಚಪ್ಪಟೆ ಪಾದದವರ ಹಿಮ್ಮಡಿ ಇನ್ನಷ್ಟು ಒಳಕ್ಕೆ ವಾಲುತ್ತದೆ. ಶೂವಿನ ಹಿಮ್ಮಡಿ ಭಾಗವನ್ನು ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಕುಸಿಯಬಾರದು. ಶೂವನ್ನು ಒದ್ದೆ ಬಟ್ಟೆಯಂತೆ ಹಿಂಡಲು ಬರಬಾರದು. ಬರಿಗಾಲಿನಂಥ ತೆಳು ಶೂನಲ್ಲಿ ಮಂಡಿಯ ಮೇಲಿನ ಹೊರೆ ಕಡಿಮೆ ಎಂಬ ವಾದಕ್ಕೂ ಪ್ರಯೋಗಾಲಯದ ಆಧಾರವಿದೆ. ಆದರೆ 2021ರಲ್ಲಿ ಪ್ರಕಟವಾದ ಮೆಲ್ಬರ್ನ್‌ನ ಆರು ತಿಂಗಳ ಪರೀಕ್ಷೆಯಲ್ಲಿ, ಗಟ್ಟಿ ಆಸರೆಯ ಶೂ ಹಾಕಿದ ಮಂಡಿನೋವಿನವರಲ್ಲಿ ಶೇ 58 ಮಂದಿಗೆ ನಡೆಯುವಾಗಿನ ನೋವು ಗಮನಾರ್ಹವಾಗಿ ತಗ್ಗಿತು. ತೆಳು ಶೂನವರಲ್ಲಿ ಶೇ 40. ಕಮಾನಿಗೆ ಉಬ್ಬಿದ ಆಸರೆ ಎಲ್ಲರಿಗೂ ಬೇಡ. ಜೀವನವಿಡೀ ಚಪ್ಪಟೆಯಾಗಿದ್ದು ನೋಯದ ಪಾದವನ್ನು ಹಾಗೆಯೇ ಬಿಡಿ. ಒಂದೇ ಪಾದ ಈಚೆಗೆ ಕುಸಿದು, ಕಣಕಾಲಿನ ಒಳಬದಿಯಲ್ಲಿ ನೋವಿದ್ದರೆ ಅದು ಶೂ ಅಂಗಡಿಯ ಕೆಲಸವಲ್ಲ, ಮೂಳೆ ವೈದ್ಯರದ್ದು.

ಹಿಡಿತಕ್ಕೆ ಗೀರುಗಳಿರುವ ರಬ್ಬರಿನ ಅಡಿ ಬೇಕು. ಸವೆದು ನುಣುಪಾದದ್ದು ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಆದರೆ ಕಾಲೆಳೆದು ನಡೆಯುವವರಿಗೆ ವಿಪರೀತ ಕಚ್ಚುವ ಅಡಿಯೂ ಮುಗ್ಗರಿಸುವಂತೆ ಮಾಡುತ್ತದೆ, ಹಾಗಾಗಿ ನಡೆಸಿಯೇ ನೋಡಬೇಕು. ಕೈಬೆರಳ ಗೆಣ್ಣು ನೋಯುವವರಿಗೆ ಲೇಸಿಗಿಂತ ವೆಲ್ಕ್ರೋ ಪಟ್ಟಿ ವಾಸಿ. ಅಮೆರಿಕದಿಂದಲೋ ಬೆಂಗಳೂರಿನಿಂದಲೋ ಊರಿಗೆ ಆನ್‌ಲೈನ್‌ನಲ್ಲಿ ತರಿಸುವ ಮಕ್ಕಳು ನಂಬರ್ ಕೇಳುವ ಬದಲು, ಆ ಹಾಳೆಯ ಉದ್ದ-ಅಗಲವನ್ನು ಸೆಂಟಿಮೀಟರಿನಲ್ಲಿ ಹೇಳಿಸಿಕೊಳ್ಳಲಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ‘ಸರಿಯಾಗಿದೆ’ ಎಂದರೂ ನಂಬಿ ಕೂರಬೇಡಿ. ಶುಚಿಯಾದ ನೆಲದ ಮೇಲೆ ಮನೆಯೊಳಗೇ ಅರ್ಧ ಗಂಟೆ ನಡೆಸಿ, ಬಿಚ್ಚಿಸಿ, ಬೆರಳ ಬದಿಗಳನ್ನು ನೋಡಿ. ಕೆಂಪು ಗುರುತು ಮಾಸದಿದ್ದರೆ ಬಿಲ್ಲಿನ ಸಮೇತ ಹಿಂದಿರುಗಿಸಿ.