ಮಿಂಚೋ ಚಾದರಕ್ಕ ಬೆವರಿನ ಕಷ್ಟ ಏನ್ ಗೊತ್ತದರಿ?

ಕಲಬುರಗಿ ಬ್ಯಾಸಗಿ ಅಂದ್ರ 40 ಡಿಗ್ರಿ ದಾಟಿದ ಬಿಸಿಲು. ಅಂಥಾ ಊರಾಗ ಚಂದ ಕಾಣ್ತದ ಅಂತ ಮಿಂಚೋ ಪಾಲಿಸ್ಟರ್ ಚಾದರ ಹಾಸಿ, ರಾತ್ರಿಯೆಲ್ಲಾ ಹೊಳ್ಳಾಡೋದು ಯಾವ ಶ್ಯಾಣ್ಯಾತನ ಹೇಳ್ರಿ? ಆ ನೂಲು ಬೆವರು ಹೀರಂಗಿಲ್ಲ. ಮ್ಯಾಲ ಫ್ಯಾನ್ ತಿರುಗಿದ್ರೂ ಬೆನ್ನ ಕೆಳಗಿನ ಹಸಿ ಆರಂಗಿಲ್ಲ.

ಹೋದ ವರ್ಷ ನಾವೂ ಮೋಸ ಹೋದ್ವಿ. ಅಂಗಡಿಯಾಂವ 'ಪೂರಾ ಕಾಟನ್' ಅಂದಿದ್ದ. ಮನಿಗೆ ತಂದು ಅಂಚಿನ ಒಂದು ಎಳಿ ಕಿತ್ತು ಸುಟ್ಟು ನೋಡಿದ್ರ, ಕರಗಿ ಗಟ್ಟಿ ಮಣಿ ಆಯ್ತು. ಹತ್ತಿ ಆಗಿದ್ರ ಕಾಗದ ಸುಟ್ಟ ವಾಸನಿ ಬಂದು ಬೂದಿ ಉಳೀತಿತ್ತು.

ಕಮಲಾಪುರದ ನಮ್ಮ ಅತ್ತಿ ಹಾಸಗಿ ನೋಡ್ರಿ. ಕೆಳಗ ಹತ್ತಿ ಗಾದಿ, ಅದರ ಮ್ಯಾಲ ಹಳೀ ನೂಲಿನ ಸೀರಿಯ ಕೌದಿ, ಎಲ್ಲಕ್ಕೂ ಮ್ಯಾಲ ತೊಳದು ತೊಳದು ಮೆತ್ತಗಾದ ಬಿಳೀ ಧೋತರ. ಧೋತರ ಬೆವರು ಎಳ್ಕೋತದ, ಕೌದಿ ಅದನ್ನ ಹಂಚ್ಕೋತದ. ಕಾಲ ಕಡಿ ಧೋತರ ಒಂದು ಗೇಣು ಮಡಚಿಟ್ರ ಕೌದಿಯ ಬಣ್ಣದ ತುಂಡು ಕಾಣ್ತಾವ. ಇದಕ್ಕಿಂತ ಚಂದ ಇನ್ನೇನು ಬೇಕು?

ನಗರದ ನಮ್ಮ ಫೋಮ್ ಗಾದಿಗೂ ಇದೇ ಮಾಡೀನಿ, ಬೆನ್ನು ಅಂಟೋದು ಕಡಿಮಿ ಆಗ್ಯದ. ಆದ್ರ ಕೌದಿ ತೆಳ್ಳಗಿರಬೇಕು. ಏಳೆಂಟು ಪದರದ್ದು ಚಳಿಗಾಲಕ್ಕ ಇಡ್ರಿ, ಬ್ಯಾಸಗ್ಯಾಗ ಅದೇ ಕುದಸ್ತದ. ವಾರಕ್ಕೊಮ್ಮೆ ಮಾಳಗಿ ಮ್ಯಾಲ ಬಿಸಿಲಿಗೆ ಹಾಕ್ರಿ, ಇಲ್ಲಂದ್ರ ಹೀರಿದ ಬೆವರೇ ನಾರ್ತದ.