ಗ್ಯಾಸ್ ಮಾತ್ರೆ ಎಷ್ಟು ದಿನ ಅಂತ ನುಂಗುತ್ತೀರಿ?

ಹೊರಮಾವಿನಲ್ಲಿ ಹೊಸ ಕಟ್ಟಡಗಳು ಏಳುತ್ತಿರುವ ಯಾವುದಾದರೂ ರಸ್ತೆಯ ಮೆಡಿಕಲ್ ಸ್ಟೋರ್ ಮುಂದೆ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ. ಕೆಲಸಕ್ಕೆ ಹೊರಟವರು ಮಾತ್ರೆಯ ಹೆಸರನ್ನೂ ಹೇಳುವುದಿಲ್ಲ, 'ಗ್ಯಾಸಿಂದು ಕೊಡಿ' ಅಂತಾರೆ. ಅಂಗಡಿಯವರು ಪ್ಯಾಂಟೊಪ್ರಜೋಲ್ ಪಟ್ಟಿ ಕತ್ತರಿಸಿ ಕೊಡುತ್ತಾರೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಆ ಪಟ್ಟಿಯ ಮೇಲೇ ಬರೆದಿರುತ್ತದೆ. ಬರೆದಿರುವುದು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ.

ಅಲ್ಲಿ ನನಗೆ ಪರಿಚಯವಾದ ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿಗೆ ನಲವತ್ತಾರು ವಯಸ್ಸು. ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ನುಂಗುತ್ತಿದ್ದರು. ಎದೆ ಉರಿದ ದಿನ, ಊಟವಾದ ಮೇಲೆ, ಒಂದು ಗ್ಯಾಸ್ ಮಾತ್ರೆ. 'ಗ್ಯಾಸ್ ಅದ ಸರ್, ಗುಳಿಗಿ ತಗೊಂಡ್ರ ಹೋಗ್ತದ' ಅನ್ನುತ್ತಿದ್ದರು. ಹೀಗೇ ಒಂದೂವರೆ ವರ್ಷ ಕಳೆಯಿತು. ಆಮೇಲೆ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು, ಮಲ ಟಾರಿನಂತೆ ಕಪ್ಪಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ ಏಳು. ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣು ಕಂಡಿತು, ಅದರ ಜೊತೆಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ.

ಹುಣ್ಣಿಗೆ ಕಾರಣ ನೋವಿನ ಮಾತ್ರೆ ಮತ್ತು ಆ ಬ್ಯಾಕ್ಟೀರಿಯಾ. ಗ್ಯಾಸ್ ಮಾತ್ರೆ ಮಾಡಿದ್ದು ಇಷ್ಟೇ: ಹುಣ್ಣನ್ನು ಮಾಯಿಸುವಷ್ಟು ಕ್ರಮವಾಗಿ ಹೊಟ್ಟೆಗೆ ಹೋಗಲಿಲ್ಲ, ಆದರೆ ಉರಿಯನ್ನು ಮರೆಸುವಷ್ಟು ಹೋಯಿತು. ನನ್ನ ತಕರಾರು ಇರುವುದು ಇಲ್ಲೇ. ಮಾತ್ರೆ ಕೆಟ್ಟದ್ದಲ್ಲ, ಪರೀಕ್ಷೆಯ ಜಾಗದಲ್ಲಿ ಮಾತ್ರೆ ಕೂತಿದೆ.

ಎಲ್ಲ ಗ್ಯಾಸ್ ಮಾತ್ರೆಗಳೂ ಒಂದೇ ಅಲ್ಲ. ಜೆಲ್ಯುಸಿಲ್, ಡೈಜೀನ್, ಈನೋ ತರಹದವು ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲವನ್ನು ತಣಿಸುತ್ತವೆ. ನಿಮಿಷಗಳಲ್ಲಿ ಆರಾಮ ಸಿಗುತ್ತದೆ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಫೆಮೊಟಿಡಿನ್ ಜಾತಿಯವು ಆಮ್ಲ ಸುರಿಸಲು ಬರುವ ಸೂಚನೆಗಳಲ್ಲಿ ಒಂದನ್ನು ತಡೆಯುತ್ತವೆ. ಅವುಗಳ ಕೆಲಸ ಅರ್ಧ ದಿನ ನಿಲ್ಲುತ್ತದೆ, ಆದರೆ ದಿನಾ ನುಂಗಿದರೆ ವಾರ ಎರಡು ವಾರದಲ್ಲಿ ದೇಹ ಒಗ್ಗಿಕೊಂಡು ಪ್ರಭಾವ ಕುಗ್ಗುತ್ತದೆ. (ಇದೇ ಜಾತಿಯ ರಾನಿಟಿಡಿನ್ ಅನ್ನು 2022ರಲ್ಲಿ ದೇಶದ ಅವಶ್ಯಕ ಔಷಧಿಗಳ ಪಟ್ಟಿಯಿಂದ ಕೈಬಿಟ್ಟರು.)

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಬೆಪ್ರಜೋಲ್ ಆಮ್ಲದ ಪಂಪನ್ನೇ ಕೆಡಿಸುತ್ತವೆ. ಜಠರದ ಗೋಡೆಯಲ್ಲಿ ಇಂಥ ಲೆಕ್ಕವಿಲ್ಲದಷ್ಟು ಪಂಪುಗಳಿವೆ, ಊಟ ಮಾಡಿದಾಗ ಅವು ಶುರುವಾಗುತ್ತವೆ. ಓಡುತ್ತಿರುವ ಪಂಪನ್ನು ಮಾತ್ರ ಈ ಔಷಧಿ ಹಿಡಿಯಬಲ್ಲದು. ಅದಕ್ಕೇ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಜಗಿಯದೆ ಪುಡಿಮಾಡದೆ ನುಂಗಬೇಕು. ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ಉರಿ ಬಂದಾಗ ಒಂದು ನುಂಗಿ 'ಹಿಡಿಸಲಿಲ್ಲ' ಅನ್ನುವವರು ಇದನ್ನು ಜೆಲ್ಯುಸಿಲ್ ಥರ ಬಳಸುತ್ತಿದ್ದಾರೆ ಅಷ್ಟೇ.

ಬಿಡುವಾಗ ಇನ್ನೊಂದು ಪೇಚು. ತಿಂಗಳುಗಟ್ಟಲೆ ತಡೆದಿಟ್ಟ ಜಠರ, ಮಾತ್ರೆ ನಿಂತೊಡನೆ ಕೆಲವು ವಾರ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸಬಹುದು. ಆ ಉರಿಯನ್ನು ಜನ 'ಕಾಯಿಲೆ ವಾಪಸ್ ಬಂತು' ಅಂದುಕೊಂಡು ಮತ್ತೆ ಅಂಗಡಿಗೆ ಹೋಗುತ್ತಾರೆ. ಡಾಕ್ಟರನ್ನು ಕೇಳಿ ಪ್ರಮಾಣ ಇಳಿಸುತ್ತಾ, ನಡುವೆ ಉರಿದರೆ ಜೆಲ್ಯುಸಿಲ್‌ನಂಥದ್ದರಲ್ಲಿ ದಾಟಿಸಿದರೆ ಬಹಳ ಜನ ಬಿಡಬಲ್ಲರು.

ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ? ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು, ಕರುಳಿನ ಸೋಂಕು ಹೆಚ್ಚಬಹುದು, ಅಪರೂಪಕ್ಕೆ ಮೂತ್ರಪಿಂಡ ಊದಿಕೊಳ್ಳಬಹುದು. ಮೂಳೆ ಮುರಿತದ ಮಾತೂ ಇದೆ. ವಾಟ್ಸಾಪಿನಲ್ಲಿ ಓಡಾಡುವಷ್ಟು ಭಯ ಮಾತ್ರ ಬೇಡ. ಸುಮಾರು 17,600 ಜನರಿಗೆ ಪ್ಯಾಂಟೊಪ್ರಜೋಲ್ ಅಥವಾ ಖಾಲಿ ಮಾತ್ರೆ ಕೊಟ್ಟು ಮೂರು ವರ್ಷ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಒಂದೇ. ಹೃದಯಕ್ಕೆ ಆಸ್ಪಿರಿನ್ ನುಂಗುವವರು, ಹಿಂದೆ ಹುಣ್ಣಿನಿಂದ ರಕ್ತ ಹೋದವರು ಇದನ್ನು ಓದಿ ಮಾತ್ರೆ ಬಿಡಬೇಡಿ. ಅವರಿಗೆ ಅದು ಕಾವಲು.

ಉಳಿದವರು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು, ಮೂರ್ನಾಲ್ಕು ವಾರ ಉರಿಯುತ್ತಿದ್ದರೆ ತೋರಿಸಿಕೊಳ್ಳಿ. ಅನ್ನ ಗಂಟಲಲ್ಲಿ ಸಿಕ್ಕಿಕೊಂಡರೆ, ತೂಕ ಇಳಿದರೆ, ರಕ್ತ ಕಡಿಮೆ ಇದೆ ಎಂದರೆ, ಐವತ್ತೈದು ದಾಟಿದ ಮೇಲೆ ಹೊಸದಾಗಿ ಉರಿ ಶುರುವಾದರೆ ಕಾಯುವುದು ಬೇಡ. ಮಲ ಟಾರಿನಂತೆ ಹೋದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಡೆದಾಗ, ಭಾರ ಎತ್ತಿದಾಗ ಎದೆ ಹಿಂಡಿ, ಬೆವರಿ, ಕೈಗೋ ದವಡೆಗೋ ನೋವು ಹಬ್ಬಿದರೆ ಅದನ್ನು ಗ್ಯಾಸ್ ಅನ್ನಬೇಡಿ, ತಕ್ಷಣ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಅದು ಉಚಿತ.

ಡಾಕ್ಟರ ಹತ್ತಿರ ಹೋಗುವಾಗ ನೋವಿನ ಮಾತ್ರೆಯ ಪಟ್ಟಿಯನ್ನೂ ಜೇಬಿನಲ್ಲಿ ಒಯ್ಯಿರಿ. ಗ್ಯಾಸ್ ಮಾತ್ರೆ ನುಂಗುತ್ತಿರುವುದನ್ನೂ ಹೇಳಿ, ಏಕೆಂದರೆ ಎಚ್. ಪೈಲೋರಿಗೆ ಉಸಿರು ಅಥವಾ ಮಲದ ಪರೀಕ್ಷೆ ಮಾಡುವುದಾದರೆ ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಇರುವ ಬ್ಯಾಕ್ಟೀರಿಯಾ ಇಲ್ಲವೆಂದು ಬರಬಹುದು. ಚೀಟಿಯಲ್ಲಿ ಮಾತ್ರೆ ಬರೆದರೆ ಎಷ್ಟು ವಾರಕ್ಕೆ ಎಂದು ಅಲ್ಲೇ ಕೇಳಿ ಬರೆಸಿಕೊಳ್ಳಿ. ನಮ್ಮ ಮೇಸ್ತ್ರಿಗೆ ಹದಿನಾಲ್ಕು ದಿನ ಎರಡು ಆಂಟಿಬಯಾಟಿಕ್ ಜೊತೆ ಇದೇ ಜಾತಿಯ ಮಾತ್ರೆ, ಆಮೇಲೆ ಆರು ವಾರ ಅದೊಂದೇ ಎಂದು ಬರೆದರು. ಡೈಕ್ಲೋಫೆನಾಕ್ ಬಂದ್.